ಆಫ್‌ಲೈನ್‌ನಲ್ಲೂ ನಡೆಯುವ ಆ್ಯಪ್, ಅದರ ಸಿಂಕ್ ಮತ್ತು ತಿದ್ದುಪಡಿಗಳ ಸಂಘರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಉತ್ತರಗಳೆಲ್ಲ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತವೆ. ದೊಡ್ಡದೊಂದು ಕಟ್ಟಡದ ಪಂಪು, ಮೋಟಾರುಗಳ ನಿರ್ವಹಣೆಗೆಂದು ಮಾಡಿದ ಆ್ಯಪ್ ಅದು. ತಂತ್ರಜ್ಞೆಯೊಬ್ಬರು ಸಿಗ್ನಲ್ ಸಿಗದ ನೆಲಮಾಳಿಗೆಯಲ್ಲಿ ಫೋನ್ ಹಿಡಿದು ಕೆಲಸ ಮಾಡುತ್ತಾರೆ. ಮೇಲ್ವಿಚಾರಕರು ಮಹಡಿಯ ಮೇಲೆ ಕುಳಿತು ಅದೇ ದಾಖಲೆಗಳನ್ನು ತಿದ್ದುತ್ತಿರುತ್ತಾರೆ. ಪ್ರತಿ ಯಂತ್ರದ ದಾಖಲೆಯಲ್ಲಿ ಸ್ಥಿತಿ, ಟಿಪ್ಪಣಿ, ಮುಂದಿನ ತಪಾಸಣೆಯ ದಿನಾಂಕ ಎಂಬ ಮೂರು ಫೀಲ್ಡ್‌ಗಳಿವೆ. ಇದಲ್ಲದೆ ಉಗ್ರಾಣದಲ್ಲಿರುವ ಫಿಲ್ಟರ್‌ಗಳ ಎಣಿಕೆಯನ್ನೂ ಆ್ಯಪ್ ಇಟ್ಟುಕೊಳ್ಳುತ್ತದೆ.

### ಸರ್ವರ್‌ನ ಮಾಹಿತಿಯನ್ನು ಫೋನಿನಲ್ಲಿ ಕ್ಯಾಶ್ ಮಾಡಿಟ್ಟರೆ ಆಫ್‌ಲೈನ್ ಆ್ಯಪ್ ಆದಂತೆಯೇ ಅಲ್ಲವೇ?

ಅಲ್ಲ. ಕ್ಯಾಶ್‌ನಲ್ಲಿ ಇರುವುದು ಸರ್ವರ್‌ನ ಮಾತಿನ ನಕಲು ಮಾತ್ರ. ಹೊಸದಾಗಿ ಏನನ್ನಾದರೂ ಬರೆಯಬೇಕೆಂದರೆ ನೆಟ್‌ವರ್ಕ್ ಬರುವವರೆಗೆ ಕಾಯಲೇಬೇಕು. ಆಫ್‌ಲೈನ್ ಆ್ಯಪ್‌ನಲ್ಲಿ ಪರದೆಯು ಓದುವುದೂ ಬರೆಯುವುದೂ ಫೋನಿನೊಳಗಿನ ಡೇಟಾಬೇಸನ್ನೇ, ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಅನ್ನು. ತಂತ್ರಜ್ಞೆ ‘ಉಳಿಸು’ ಒತ್ತಿದ ಕ್ಷಣವೇ ಅವರ ಕೆಲಸ ಮುಗಿಯಿತು. ಸರ್ವರ್‌ಗೆ ಸುದ್ದಿ ಮುಟ್ಟಿಸುವುದು ಹಿನ್ನೆಲೆಯಲ್ಲಿ, ಬೇರೆಯದೇ ವೇಗದಲ್ಲಿ ನಡೆಯುವ ಕೆಲಸ. ಹೀಗೆ ಒಪ್ಪಿಕೊಂಡ ಮೇಲೆ, ಒಂದೇ ದಾಖಲೆ ಎರಡು ಕಡೆ ಎರಡು ರೀತಿಯಲ್ಲಿ ಇರುವ ಸಮಯವೊಂದು ಇದ್ದೇ ಇರುತ್ತದೆ ಎಂಬುದನ್ನೂ ಒಪ್ಪಿಕೊಂಡಂತಾಯಿತು.

### ಫೋನಿನಲ್ಲಿ ಮಾಡಿದ ಬದಲಾವಣೆಯನ್ನು ಯಾವ ರೂಪದಲ್ಲಿ ಬರೆದಿಡಬೇಕು?

ಮೊದಲ ಬಾರಿಗೆ ಸಿಂಕ್ ಬರೆಯುವವರು ಬಹುತೇಕ ಎಲ್ಲರೂ ದಾಖಲೆಯ ಸಾಲಿಗೆ `dirty` ಎಂಬ ಕಾಲಂ ಒಂದನ್ನು ಸೇರಿಸುತ್ತಾರೆ. ಸಾಲು ಬದಲಾದಾಗ ಅದನ್ನು 1 ಮಾಡುವುದು, ಸರ್ವರ್ ಸ್ವೀಕರಿಸಿದ ಮೇಲೆ 0 ಮಾಡುವುದು. ಇದರಲ್ಲಿ ಎರಡು ದೋಷಗಳಿವೆ. ಸಾಲನ್ನು ಕಳುಹಿಸಿ ಉತ್ತರಕ್ಕೆ ಕಾಯುತ್ತಿರುವ ಆ ಎರಡು ಸೆಕೆಂಡುಗಳಲ್ಲಿ ಬಳಕೆದಾರರು ಅದೇ ದಾಖಲೆಯನ್ನು ಮತ್ತೊಮ್ಮೆ ತಿದ್ದಿದರೆ, ಹಳೆಯ ಉತ್ತರ ಬಂದು `dirty` ಅನ್ನು 0 ಮಾಡಿಬಿಡುತ್ತದೆ; ಎರಡನೆಯ ತಿದ್ದುಪಡಿ ಫೋನಿನಲ್ಲೇ ಉಳಿದು ಸರ್ವರ್‌ಗೆ ಎಂದಿಗೂ ಹೋಗುವುದಿಲ್ಲ. ಎರಡನೆಯ ದೋಷ ಇದಕ್ಕಿಂತ ದೊಡ್ಡದು: ಸಾಲು ಈಗ ಹೇಗಿದೆ ಎಂಬುದು ಉಳಿದಿರುತ್ತದೆ, ಬಳಕೆದಾರರು ಏನನ್ನು ನೋಡಿ ಏನನ್ನು ಬದಲಿಸಿದರು ಎಂಬುದು ಅಳಿಸಿಹೋಗಿರುತ್ತದೆ. ಸಂಘರ್ಷ ಬಿಡಿಸಲು ಬೇಕಾಗುವುದು ಆ ಎರಡನೆಯ ಸಂಗತಿಯೇ.

ಆದ್ದರಿಂದ ಪ್ರತಿ ಬದಲಾವಣೆಯನ್ನೂ ಔಟ್‌ಬಾಕ್ಸ್ ಎಂಬ ಪ್ರತ್ಯೇಕ ಟೇಬಲ್‌ನಲ್ಲಿ ಒಂದೊಂದು ಸಾಲಾಗಿ ಬರೆದಿಡಬೇಕು. ದಾಖಲೆಯ ಬದಲಾವಣೆಯೂ ಔಟ್‌ಬಾಕ್ಸ್‌ನ ಸಾಲೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಬೇಕು. ಇಲ್ಲವಾದರೆ ಇವೆರಡರ ನಡುವೆ ಆ್ಯಪ್ ಮುಚ್ಚಿಕೊಂಡಾಗ, ಪರದೆಯ ಮೇಲೆ ಕಾಣುವ ಆದರೆ ಎಲ್ಲಿಗೂ ಹೋಗದ ತಿದ್ದುಪಡಿಯೊಂದು ಹುಟ್ಟಿಕೊಳ್ಳುತ್ತದೆ.

```sql
BEGIN;
UPDATE asset SET status = 'closed' WHERE id = 'P-17';
INSERT INTO outbox
  (op_id, asset_id, field, old_value, new_value, base_rev)
VALUES (:op_id, 'P-17', 'status', 'open', 'closed', 41);
COMMIT;
```

ಇಲ್ಲಿ `base_rev` ಎಂದರೆ ಬಳಕೆದಾರರು ತಿದ್ದುವಾಗ ಅವರ ಕಣ್ಣೆದುರು ಇದ್ದ ಆವೃತ್ತಿಯ ಸಂಖ್ಯೆ. ‘ನಾನು 41ನೇ ಆವೃತ್ತಿಯನ್ನು ನೋಡಿ, ಸ್ಥಿತಿಯನ್ನು ಹೀಗಿಂದ ಹೀಗೆ ಬದಲಿಸಿದೆ’ ಎಂಬ ಹೇಳಿಕೆಯೇ ಈ ಸಾಲು. ಮುಂದಿನ ಉತ್ತರಗಳೆಲ್ಲ ಈ ಒಂದು ಸಾಲಿನ ಮೇಲೆ ನಿಂತಿವೆ.

### ಒಂದೇ ಬದಲಾವಣೆ ಎರಡು ಬಾರಿ ಸರ್ವರ್ ತಲುಪಿದರೆ?

ತಲುಪಿಯೇ ತಲುಪುತ್ತದೆ. ವಿನಂತಿ ಸರ್ವರ್‌ಗೆ ಮುಟ್ಟಿ, ಕೆಲಸವಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದಾಗ ಫೋನಿಗೆ ಅದು ಸೋಲಿನಂತೆಯೇ ಕಾಣುತ್ತದೆ. ಫೋನ್ ಮತ್ತೆ ಕಳುಹಿಸುತ್ತದೆ. ಪರಿಹಾರ ಸರಳ. `op_id` ಎಂಬ ಗುರುತನ್ನು ಫೋನೇ ಸೃಷ್ಟಿಸಬೇಕು, ಅದೂ ಕಳುಹಿಸುವ ಹೊತ್ತಿನಲ್ಲಲ್ಲ, ಬಳಕೆದಾರರು ‘ಉಳಿಸು’ ಒತ್ತಿದ ಹೊತ್ತಿನಲ್ಲಿ. ಕಳುಹಿಸುವಾಗ ಸೃಷ್ಟಿಸಿದರೆ ಪ್ರತಿ ಮರುಪ್ರಯತ್ನಕ್ಕೂ ಹೊಸ ಗುರುತು ಸಿಕ್ಕಿ ಇಡೀ ಏರ್ಪಾಡು ವ್ಯರ್ಥವಾಗುತ್ತದೆ. ಸರ್ವರ್ ಈ ಗುರುತನ್ನೂ ತಾನು ಕೊಟ್ಟ ಉತ್ತರವನ್ನೂ ಬದಲಾವಣೆ ಮಾಡುವ ಟ್ರಾನ್ಸಾಕ್ಷನ್‌ನಲ್ಲೇ ಬರೆದಿಟ್ಟುಕೊಂಡು, ಅದೇ ಗುರುತು ಮತ್ತೆ ಬಂದಾಗ ಏನನ್ನೂ ಮಾಡದೆ ಹಳೆಯ ಉತ್ತರವನ್ನೇ ಹಿಂತಿರುಗಿಸಬೇಕು.

ಹೊಸ ದಾಖಲೆಗಳ ಐಡಿಗಳಿಗೂ ಇದೇ ನಿಯಮ. ಸರ್ವರ್ 1, 2, 3 ಎಂದು ಸಂಖ್ಯೆ ಕೊಡುವವರೆಗೆ ಕಾಯುವಂತಿಲ್ಲವಾದ್ದರಿಂದ ಬೇರಾವುದರೊಂದಿಗೂ ಹೊಂದಿಕೆಯಾಗದ ಯುಯುಐಡಿ ಎಂಬ ಗುರುತನ್ನು ಫೋನೇ ಕೊಡಬೇಕು. 2024ರಲ್ಲಿ ಬಂದ ಆರ್‌ಎಫ್‌ಸಿ 9562ರಲ್ಲಿರುವ ಏಳನೇ ಬಗೆಯ ಯುಯುಐಡಿ ಸಮಯದ ಕ್ರಮದಲ್ಲಿ ಜೋಡಣೆಯಾಗುವುದರಿಂದ ಡೇಟಾಬೇಸ್‌ನ ಇಂಡೆಕ್ಸ್‌ಗೆ ಅನುಕೂಲ. ಆದರೆ ಅದರೊಳಗಿನ ಸಮಯ ಫೋನಿನ ಗಡಿಯಾರದ್ದು. ಯಾರದ್ದು ಮೊದಲು, ಯಾರದ್ದು ಆಮೇಲೆ ಎಂದು ತೀರ್ಮಾನಿಸಲು ಅದನ್ನು ನಂಬಬಾರದು.

### ಸರ್ವರ್‌ನಿಂದ ಹೊಸದನ್ನು ತರಿಸಿಕೊಳ್ಳಲು `updated_at` ಕಾಲಂ ಸಾಲದೇ?

ಸಾಲದು. ಈ ಪ್ರಶ್ನೆಗೆ ನಾನು ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಾನು ಬರೆದ ಮೊದಲ ಸಿಂಕ್ ಇದರಲ್ಲೇ ಮುಗ್ಗರಿಸಿತ್ತು. ‘ಕಳೆದ ಬಾರಿ ನೋಡಿದ್ದಕ್ಕಿಂತ ಹೊಸದಾದ ಸಾಲುಗಳನ್ನು ಕೊಡು’ ಎಂದು ಕೇಳುವ ಸರಳ ವಿಧಾನ ಅದು. ಕೆಲವು ತಿಂಗಳು ಸರಿಯಾಗಿಯೇ ನಡೆಯಿತು. ಆಮೇಲೆ ಆಗೊಮ್ಮೆ ಈಗೊಮ್ಮೆ ಒಂದು ಸಾಲು ಒಂದು ಫೋನಿಗೆ ಮಾತ್ರ ತಲುಪುತ್ತಿರಲಿಲ್ಲ. ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿದರೆ ಬರುತ್ತಿತ್ತು. ಲಾಗ್‌ನಲ್ಲಿ ಯಾವ ದೋಷವೂ ಇಲ್ಲ.

ನಡೆಯುತ್ತಿದ್ದುದು ಇಷ್ಟು. ಸರ್ವರ್‌ನಲ್ಲಿ ಎರಡು ಟ್ರಾನ್ಸಾಕ್ಷನ್‌ಗಳು ಒಟ್ಟಿಗೆ ಸಾಗುತ್ತಿವೆ ಎಂದುಕೊಳ್ಳಿ. ಸಮಯಗಳನ್ನು ಸರಳವಾಗಿ 501, 502 ಎಂಬ ಕ್ರಮಸಂಖ್ಯೆಗಳೆಂದು ಬರೆಯೋಣ. ಮೊದಲನೆಯದು ಆರಂಭವಾಗಿ 501 ಪಡೆಯಿತು, ಆದರೆ ಅದಕ್ಕೆ ಇನ್ನೂ ಬೇರೆ ಕೆಲಸವಿದೆ. ಎರಡನೆಯದು 502 ಪಡೆದು ಬೇಗನೆ ಕಮಿಟ್ ಆಯಿತು. ಇದೇ ಹೊತ್ತಿಗೆ ಫೋನ್ ಬಂದು ‘500ರ ನಂತರದ್ದನ್ನು ಕೊಡು’ ಎಂದು ಕೇಳಿದರೆ, ಕಮಿಟ್ ಆಗದ 501 ಅದಕ್ಕೆ ಕಾಣುವುದಿಲ್ಲ, 502 ಸಿಗುತ್ತದೆ. ಫೋನ್ ಎಲ್ಲಿಯವರೆಗೆ ನೋಡಿದೆ ಎಂಬ ಗುರುತನ್ನು, ಅಂದರೆ ತನ್ನ ಕರ್ಸರನ್ನು, 502ಕ್ಕೆ ಸರಿಸಿಕೊಳ್ಳುತ್ತದೆ. ಮರುಕ್ಷಣ 501 ಕಮಿಟ್ ಆಗುತ್ತದೆ. ಆ ಫೋನ್ ಇನ್ನು ಮುಂದೆ ಕೇಳುವುದೆಲ್ಲ 502ರ ನಂತರದ್ದನ್ನೇ. ಸಮಯದ ಬದಲು ಡೇಟಾಬೇಸ್‌ನ ಸೀಕ್ವೆನ್ಸ್ ಬಳಸಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಸಂಖ್ಯೆ ಸಿಗುವ ಕ್ರಮ ಬೇರೆ, ಕಮಿಟ್ ಆಗುವ ಕ್ರಮ ಬೇರೆ.

ನಾನು ಈಗ ಬಳಸುವ ಪರಿಹಾರವೆಂದರೆ ಒಂದೊಂದು ಕಟ್ಟಡಕ್ಕೂ ಒಂದೊಂದು ಎಣಿಕೆಯ ಸಾಲನ್ನು ಇಟ್ಟು, ಬರೆಯುವ ಪ್ರತಿ ಟ್ರಾನ್ಸಾಕ್ಷನ್ ಮೊಟ್ಟಮೊದಲು ಆ ಸಾಲನ್ನು ಹೆಚ್ಚಿಸಿ ತನ್ನ ಸಂಖ್ಯೆಯನ್ನು ಪಡೆಯುವಂತೆ ಮಾಡುವುದು.

```sql
UPDATE site SET seq = seq + 1 WHERE id = :site RETURNING seq;
```

ಈ ಸಾಲಿನ ಮೇಲಿನ ಲಾಕ್ ಕಮಿಟ್ ಆಗುವವರೆಗೂ ಬಿಡುವುದಿಲ್ಲ. ಹಾಗಾಗಿ 501 ಮುಗಿಯದೆ 502 ಹುಟ್ಟುವುದೇ ಇಲ್ಲ. ಒಂದು ಕಟ್ಟಡದ ಬರಹಗಳು ಒಂದರ ಹಿಂದೆ ಒಂದರಂತೆ ಸರದಿಯಲ್ಲಿ ನಡೆಯುತ್ತವೆ ಎಂಬುದು ಇದಕ್ಕೆ ತೆರಬೇಕಾದ ಬೆಲೆ. ಕೆಲವು ಹತ್ತು ಜನ ಕೆಲಸ ಮಾಡುವ ಕಡೆ ಅದು ಗಮನಕ್ಕೂ ಬಾರದು. ಇಡೀ ವ್ಯವಸ್ಥೆಗೆ ಒಂದೇ ಎಣಿಕೆ ಇಟ್ಟರೆ ಮಾತ್ರ ಖಂಡಿತ ಬರುತ್ತದೆ. ಕರ್ಸರನ್ನು ಒಂದೆರಡು ನಿಮಿಷ ಹಿಂದಕ್ಕೆ ಸರಿಸಿ ಮತ್ತೆ ಕೇಳುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಅದರಿಂದ ತಪ್ಪು ವಿರಳವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ಮತ್ತು ವಿರಳವಾದ ತಪ್ಪನ್ನು ಹುಡುಕುವುದು ಇನ್ನೂ ಕಷ್ಟ.

### ಎರಡು ತಿದ್ದುಪಡಿಗಳು ನಿಜವಾಗಿ ಸಂಘರ್ಷದಲ್ಲಿವೆ ಎಂದು ಸರ್ವರ್‌ಗೆ ಹೇಗೆ ತಿಳಿಯುತ್ತದೆ?

ಉದಾಹರಣೆಯಲ್ಲೇ ನೋಡೋಣ. ಪಿ-17 ಎಂಬ ಪಂಪಿನ ದಾಖಲೆ 41ನೇ ಆವೃತ್ತಿಯಲ್ಲಿದೆ. ಸ್ಥಿತಿ ‘ಬಾಕಿ’, ಟಿಪ್ಪಣಿ ‘ಸೀಲ್ ಸೋರುತ್ತಿದೆ’, ಮುಂದಿನ ತಪಾಸಣೆ 12ನೇ ತಾರೀಕು. ಬೆಳಿಗ್ಗೆ 9:10ಕ್ಕೆ ತಂತ್ರಜ್ಞೆ ನೆಲಮಾಳಿಗೆಯಲ್ಲಿ ಸ್ಥಿತಿಯನ್ನು ‘ಮುಗಿದಿದೆ’ ಎಂದೂ ಟಿಪ್ಪಣಿಯನ್ನು ‘ಸೀಲ್ ಬದಲಿಸಿದೆ’ ಎಂದೂ ತಿದ್ದಿದರು. 9:40ಕ್ಕೆ, ಇದೇನೂ ತಿಳಿಯದ ಮೇಲ್ವಿಚಾರಕರು ತಪಾಸಣೆಯನ್ನು 20ಕ್ಕೆ ಮುಂದೂಡಿ, ಟಿಪ್ಪಣಿಯನ್ನು ‘ಸೀಲ್ ಸೋರುತ್ತಿದೆ, ಹೊಸ ಸೀಲ್ ತರಿಸಬೇಕು’ ಎಂದು ಬದಲಿಸಿದರು. ಸರ್ವರ್‌ನಲ್ಲಿ ದಾಖಲೆ 42ಕ್ಕೆ ಏರಿತು. 11:05ಕ್ಕೆ ತಂತ್ರಜ್ಞೆ ಮೇಲೆ ಬಂದಾಗ ಅವರ ಫೋನ್ ಎರಡು ಬದಲಾವಣೆಗಳನ್ನು ಕಳುಹಿಸಿತು. ಎರಡರ `base_rev` ಕೂಡ 41.

ಇಡೀ ಸಾಲನ್ನು ಕಳುಹಿಸಿ ಹಿಂದಿನದರ ಮೇಲೆ ಬರೆಯುವ ವ್ಯವಸ್ಥೆಯಾಗಿದ್ದರೆ ಈಗ ಏನಾಗುತ್ತಿತ್ತು? ತಂತ್ರಜ್ಞೆಯ ಫೋನಿನಲ್ಲಿದ್ದ ಹಳೆಯ 12ನೇ ತಾರೀಕು ಮೇಲ್ವಿಚಾರಕರ 20ನ್ನು ಅಳಿಸಿಹಾಕುತ್ತಿತ್ತು. ತಂತ್ರಜ್ಞೆ ಆ ದಿನಾಂಕವನ್ನು ಮುಟ್ಟಿಯೇ ಇರಲಿಲ್ಲ. ಯಾರೂ ಮಾಡದ ಬದಲಾವಣೆಯೊಂದು ದಾಖಲಾಗುವುದು, ಯಾರನ್ನು ಕೇಳಿದರೂ ‘ನಾನಲ್ಲ’ ಎನ್ನುವುದು ಇಂಥ ವ್ಯವಸ್ಥೆಯ ಖಚಿತ ಲಕ್ಷಣ.

ಇದರ ಬದಲು ಸರ್ವರ್ ಪ್ರತಿ ಫೀಲ್ಡ್‌ಗೂ ಅದು ಕೊನೆಯ ಬಾರಿ ಬದಲಾದ ಆವೃತ್ತಿಯನ್ನು ಇಟ್ಟುಕೊಂಡಿರಲಿ. ಸ್ಥಿತಿಯ ಫೀಲ್ಡ್ 41ರ ನಂತರ ಬದಲಾಗಿಲ್ಲ. ತಂತ್ರಜ್ಞೆಯ ಬದಲಾವಣೆಯನ್ನು ಹಾಗೆಯೇ ಸ್ವೀಕರಿಸಬಹುದು. ದಿನಾಂಕ 42ರಲ್ಲಿ ಬದಲಾಗಿದೆ, ಆದರೆ ತಂತ್ರಜ್ಞೆ ಅದರ ಬಗ್ಗೆ ಏನನ್ನೂ ಹೇಳಿಲ್ಲ; 20 ಉಳಿಯುತ್ತದೆ. ಟಿಪ್ಪಣಿ 42ರಲ್ಲಿ ಬದಲಾಗಿದೆ, ತಂತ್ರಜ್ಞೆಯೂ 41ನ್ನು ನೋಡಿ ಅದನ್ನೇ ಬದಲಿಸಿದ್ದಾರೆ, ಹೊಸ ಮೌಲ್ಯಗಳೂ ಬೇರೆ ಬೇರೆ. ಇದೊಂದೇ ನಿಜವಾದ ಸಂಘರ್ಷ. ಇಬ್ಬರೂ ಒಂದೇ ಮೌಲ್ಯವನ್ನು ಬರೆದಿದ್ದರೆ ಅದೂ ಸಂಘರ್ಷವಾಗುತ್ತಿರಲಿಲ್ಲ.

ಇಲ್ಲೊಂದು ಸಣ್ಣ ಹಳ್ಳವಿದೆ. ತಂತ್ರಜ್ಞೆ ಆಫ್‌ಲೈನ್‌ನಲ್ಲೇ ಸ್ಥಿತಿಯನ್ನು ಎರಡು ಬಾರಿ ತಿದ್ದಿದ್ದರೆ, ಮೊದಲನೆಯದನ್ನು ಸರ್ವರ್ ಸ್ವೀಕರಿಸಿದೊಡನೆ ಫೀಲ್ಡ್‌ನ ಆವೃತ್ತಿ 43 ಆಗುತ್ತದೆ. 41ನ್ನು ಹೊತ್ತುಬರುವ ಎರಡನೆಯದು ಆಕೆಯ ಮೊದಲ ತಿದ್ದುಪಡಿಯೊಂದಿಗೇ ಜಗಳಕ್ಕೆ ನಿಲ್ಲುತ್ತದೆ. ಫೀಲ್ಡ್‌ನ ಆವೃತ್ತಿಯ ಜೊತೆಗೆ ಅದನ್ನು ಬದಲಿಸಿದ ಫೋನಿನ ಗುರುತನ್ನೂ ಇಟ್ಟು, ಅದೇ ಫೋನಿನದಾದರೆ ಸಂಘರ್ಷವೆಂದು ಎಣಿಸದಿರುವುದು ಇದಕ್ಕೆ ಪರಿಹಾರ.

### ಕೊನೆಯಲ್ಲಿ ಬರೆದವರದೇ ನಿಲ್ಲಲಿ ಎಂದರೆ ಏನು ತಪ್ಪು?

‘ಕೊನೆ’ ಎಂದರೆ ಯಾವುದು ಎಂಬುದೇ ಸ್ಪಷ್ಟವಿಲ್ಲ. ಸರ್ವರ್‌ಗೆ ತಲುಪಿದ ಕ್ರಮವನ್ನು ಹಿಡಿದರೆ 9:10ರ ಮಾತು 9:40ರ ಮಾತನ್ನು ಅಳಿಸುತ್ತದೆ. ಫೋನಿನ ಗಡಿಯಾರವನ್ನು ಹಿಡಿದರೆ, ಒಂದು ಗಂಟೆ ಮುಂದೆ ಓಡುವ ಗಡಿಯಾರದ ಫೋನ್ ಒಂದು ಗಂಟೆಯ ಕಾಲ ಎಲ್ಲರ ವಿರುದ್ಧವೂ ಗೆಲ್ಲುತ್ತದೆ. ಗಡಿಯಾರವನ್ನು ನಂಬದೆ, ಯಾವುದು ಯಾವುದನ್ನು ನೋಡಿ ನಡೆಯಿತು ಎಂಬುದರಿಂದಲೇ ಘಟನೆಗಳ ಕ್ರಮ ಹಚ್ಚಬಹುದು ಎಂದು ಗಣಕ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿಕೊಟ್ಟರು. ನಮ್ಮ `base_rev` ಮಾಡುವುದೂ ಅದೇ ಜಾಡಿನ ಕೆಲಸ: 41ನ್ನು ನೋಡಿ ಹುಟ್ಟಿದ ಎರಡು ತಿದ್ದುಪಡಿಗಳಲ್ಲಿ ಮೊದಲು, ಆಮೇಲೆ ಎಂಬುದಿಲ್ಲ, ಅವು ಅಕ್ಕಪಕ್ಕದವು.

ಆದರೂ ಈ ನಿಯಮವನ್ನು ನಾನು ಸಂಪೂರ್ಣವಾಗಿ ತಳ್ಳಿಹಾಕುವುದಿಲ್ಲ. ಪಟ್ಟಿಯಲ್ಲಿ ಯಂತ್ರಕ್ಕೆ ಯಾವ ಬಣ್ಣದ ಗುರುತು ಇರಬೇಕು ಎಂಬಂಥ ಫೀಲ್ಡ್‌ಗೆ, ಫೀಲ್ಡ್ ಮಟ್ಟದಲ್ಲಿ ಮಾತ್ರ, ಅದು ಸಾಕು. ಕಳೆದುಹೋದರೆ ಯಾರೂ ಹುಡುಕದ ಮಾಹಿತಿಗೆ ಮನುಷ್ಯರನ್ನು ಕರೆದು ನ್ಯಾಯ ಕೇಳುವುದು ಅತಿಯಾಯಿತು.

### ಎಣಿಕೆಗಳನ್ನು ಹೇಗೆ ನಿಭಾಯಿಸುವುದು?

ಮೌಲ್ಯವನ್ನು ಕಳುಹಿಸಬಾರದು, ವ್ಯತ್ಯಾಸವನ್ನು ಕಳುಹಿಸಬೇಕು. ಉಗ್ರಾಣದಲ್ಲಿ 40 ಫಿಲ್ಟರ್‌ಗಳಿವೆ. ತಂತ್ರಜ್ಞೆ 9:10ಕ್ಕೆ 6 ತೆಗೆದುಕೊಂಡರು. ಅವರ ಫೋನ್ 34 ಎಂದು ತೋರಿಸುತ್ತದೆ. 9:40ಕ್ಕೆ ಮೇಲ್ವಿಚಾರಕರು 10 ಕೊಟ್ಟರು. ಅವರ ಪರದೆಯಲ್ಲಿ 30. ಇಬ್ಬರೂ ತಮ್ಮ ತಮ್ಮ ಮೌಲ್ಯವನ್ನು ಕಳುಹಿಸಿದರೆ ಸರ್ವರ್‌ನಲ್ಲಿ 34 ಅಥವಾ 30 ಉಳಿಯುತ್ತದೆ. ‘6 ಕಳೆ’, ‘10 ಕಳೆ’ ಎಂದು ಕಳುಹಿಸಿದರೆ ಯಾವ ಕ್ರಮದಲ್ಲಿ ಬಂದರೂ 24 ಆಗುತ್ತದೆ, ಕಪಾಟಿನಲ್ಲಿ ಇರುವುದೂ 24. ಇಷ್ಟು ಎಲ್ಲರೂ ಹೇಳುತ್ತಾರೆ.

ನಿಜವಾದ ತೊಡಕು ಇರುವುದು ಯಾರಾದರೂ ಕಪಾಟು ತೆರೆದು ಎಣಿಸಿದಾಗ. ಮೇಲಿನ ಉದಾಹರಣೆಯಲ್ಲೇ 10:00ಕ್ಕೆ ಒಬ್ಬರು ಎಣಿಸಿ 24 ಎಂದು ನಮೂದಿಸಿದರು ಎನ್ನೋಣ. ಆ ಹೊತ್ತಿಗೆ ಸರ್ವರ್‌ನಲ್ಲಿ 30 ಇತ್ತು, ತಂತ್ರಜ್ಞೆಯ 6 ಇನ್ನೂ ಬಂದಿರಲಿಲ್ಲ. ಎಣಿಕೆ ಸರ್ವರನ್ನು 24ಕ್ಕೆ ಸರಿಪಡಿಸಿತು. 11:05ಕ್ಕೆ ‘6 ಕಳೆ’ ಬಂದು ತಲುಪಿತು, ಸರ್ವರ್ 18 ಎಂದಿತು. ಕಪಾಟಿನಲ್ಲಿ ಈಗಲೂ ಇರುವುದು 24. ಯಾವ ಸಾಲೂ ಕಳೆದಿಲ್ಲ, ಯಾವುದೂ ಎರಡು ಬಾರಿ ಬಂದಿಲ್ಲ, ಆದರೂ ಲೆಕ್ಕ ತಪ್ಪಿದೆ, ಏಕೆಂದರೆ ಎಣಿಸಿದವರು ಆ ಆರನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಇದಕ್ಕಾಗಿ ಉಳಿಕೆಯ ಬದಲು ಲೆಕ್ಕದ ಪುಸ್ತಕದಂತೆ ಪ್ರತಿ ಚಲನೆಯನ್ನೂ ಒಂದೊಂದು ಸಾಲಾಗಿ ಇಟ್ಟು, ಉಳಿಕೆಯನ್ನು ಅವುಗಳಿಂದ ಲೆಕ್ಕ ಹಾಕಬೇಕು. ಎಣಿಕೆಯೂ ಅಲ್ಲೊಂದು ಸಾಲು. ಕೊನೆಯ ಎಣಿಕೆಗಿಂತ ಮುಂಚೆ ನಡೆದ ಚಲನೆಗಳು, ಎಷ್ಟೇ ತಡವಾಗಿ ಬಂದರೂ, ಪುಸ್ತಕದಲ್ಲಿ ದಾಖಲಾಗುತ್ತವೆ, ಉಳಿಕೆಯನ್ನು ಮುಟ್ಟುವುದಿಲ್ಲ. ಇಲ್ಲಿ ಮಾತ್ರ ಫೋನಿನ ಗಡಿಯಾರ ಬೇಕೇ ಬೇಕು, ಏಕೆಂದರೆ ಕಪಾಟಿನಿಂದ ಕೈ ಹೊರಬಂದ ಹೊತ್ತು ಬೇರಾವ ಯಂತ್ರಕ್ಕೂ ತಿಳಿದಿಲ್ಲ. ಪ್ರತಿ ಸಿಂಕ್‌ನಲ್ಲೂ ಫೋನಿನ ಸಮಯವನ್ನು ಸರ್ವರ್‌ನ ಸಮಯದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಸರಿದೂಗಿಸಿಕೊಂಡರೆ ಅದು ಸಾಕಷ್ಟು ನಂಬಲರ್ಹವಾಗುತ್ತದೆ. ಎಣಿಕೆಯ ಹತ್ತಿರದ ಕೆಲವು ನಿಮಿಷಗಳಲ್ಲಿ ಬಿದ್ದ ಚಲನೆಗಳನ್ನು ಮನುಷ್ಯರ ಮುಂದಿಟ್ಟು ಕೇಳಬೇಕು. ಅದನ್ನು ಯಾವ ಕೋಡ್ ಕೂಡ ಖಚಿತವಾಗಿ ತೀರ್ಮಾನಿಸಲಾರದು.

ಉಳಿಕೆ ಸೊನ್ನೆಗಿಂತ ಕೆಳಗಿಳಿದರೆ ಬದಲಾವಣೆಯನ್ನು ತಿರಸ್ಕರಿಸಬೇಕೇ ಎಂದೂ ಕೇಳುತ್ತಾರೆ. ತಿರಸ್ಕರಿಸಬಾರದು. ಫಿಲ್ಟರ್ ಆಗಲೇ ಪಂಪಿನೊಳಗೆ ಕುಳಿತಿದೆ. ಸರ್ವರ್ ಒಪ್ಪಲಿಲ್ಲವೆಂದು ಅದು ಹೊರಗೆ ಬರುವುದಿಲ್ಲ. ಸ್ವೀಕರಿಸಿ, ಋಣ ಸಂಖ್ಯೆಯನ್ನು ತೋರಿಸಿ, ಎಣಿಕೆಗೆ ಕರೆಯಬೇಕು.

### ಟಿಪ್ಪಣಿಯಂಥ ಬರಹ ಸಂಘರ್ಷಕ್ಕೆ ಬಂದರೆ ಸಿಆರ್‌ಡಿಟಿ ಬಳಸಬೇಕೇ?

ಮಾರ್ಕ್ ಶಪೀರೊ ಮತ್ತು ಸಂಗಡಿಗರು 2011ರಲ್ಲಿ ಈ ಹೆಸರಿನಡಿ ವಿವರಿಸಿದ ದತ್ತಾಂಶ ರಚನೆಗಳ ಭರವಸೆ ಸ್ಪಷ್ಟವಾಗಿದೆ: ಒಂದೇ ಬದಲಾವಣೆಗಳನ್ನು ಪಡೆದ ಎಲ್ಲ ಪ್ರತಿಗಳೂ, ಯಾವ ಕ್ರಮದಲ್ಲಿ ಪಡೆದರೂ, ಒಂದೇ ಸ್ಥಿತಿಗೆ ಬರುತ್ತವೆ. ಆ ಸ್ಥಿತಿ ಅರ್ಥಪೂರ್ಣವಾಗಿರುತ್ತದೆ ಎಂದು ಅವು ಭರವಸೆ ಕೊಡುವುದಿಲ್ಲ. ಟಿಪ್ಪಣಿಯಲ್ಲಿ ‘ಒತ್ತಡ 10’ ಎಂದಿದೆ. ಇಬ್ಬರೂ ಆಫ್‌ಲೈನ್‌ನಲ್ಲಿ ಅದನ್ನು 12 ಎಂದು ತಿದ್ದುತ್ತಾರೆ. ಅಕ್ಷರ ಮಟ್ಟದ ಸಿಆರ್‌ಡಿಟಿಗೆ ಕಾಣುವುದು ಇಬ್ಬರೂ 0 ಅಳಿಸಿ ತಲಾ ಒಂದು 2 ಸೇರಿಸಿದರು ಎಂದು. ವಿಲೀನದ ಫಲ ‘ಒತ್ತಡ 122’. ಎಲ್ಲ ಫೋನುಗಳೂ ಇದನ್ನು ಒಮ್ಮತದಿಂದ ತೋರಿಸುತ್ತವೆ.

ಹಲವರು ಒಟ್ಟಿಗೆ ಕುಳಿತು ಉದ್ದನೆಯ ಬರಹವೊಂದನ್ನು ತಿದ್ದುವ ಆ್ಯಪ್‌ಗೆ ಅವು ನಿಜಕ್ಕೂ ಸೂಕ್ತ. ನಮ್ಮ ಟಿಪ್ಪಣಿಗೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಇದು ಒಂದೇ ಫೀಲ್ಡ್ ಆಗಿರಬೇಕಾದ ಅಗತ್ಯವೇನು? ಹೆಸರು, ಸಮಯ ಸಹಿತ ಸೇರಿಸುತ್ತ ಹೋಗುವ ಷರಾಗಳ ಪಟ್ಟಿಯಾಗಿ ಅದನ್ನು ಮಾಡಿದರೆ ‘ಸೀಲ್ ಬದಲಿಸಿದೆ’, ‘ಹೊಸ ಸೀಲ್ ತರಿಸಬೇಕು’ ಎರಡೂ ಒಂದರ ಕೆಳಗೊಂದು ನಿಲ್ಲುತ್ತವೆ, ಓದಿದವರಿಗೆ ನಡೆದದ್ದೂ ಅರ್ಥವಾಗುತ್ತದೆ. ಸಂಘರ್ಷ ಬಿಡಿಸುವ ಕೋಡ್ ಬರೆಯುವುದಕ್ಕಿಂತ ಸಂಘರ್ಷವೇ ಹುಟ್ಟದಂತೆ ಟೇಬಲ್ ಬದಲಿಸುವುದು ಎಷ್ಟೋ ಸಲ ಅಗ್ಗ.

ಹಾಗೆ ಮಾಡಲಾಗದ ಫೀಲ್ಡ್‌ಗಳು ಉಳಿದರೆ, ಸರ್ವರ್ ಒಂದು ಮೌಲ್ಯವನ್ನು ತಾತ್ಕಾಲಿಕವಾಗಿ ಆರಿಸಿ, ಸೋತದ್ದನ್ನೂ ಮೂಲವನ್ನೂ ಜೊತೆಗೆ ಉಳಿಸಿಕೊಳ್ಳಬೇಕು. ಕೌಚ್‌ಡಿಬಿ ಎಂಬ ಡೇಟಾಬೇಸ್ ಕೂಡ ಹೀಗೆಯೇ, ಎಲ್ಲ ಪ್ರತಿಗಳೂ ಒಂದೇ ನಿಯಮದಿಂದ ಒಂದೇ ಆವೃತ್ತಿಯನ್ನು ಮುಂದೆ ಮಾಡಿ, ಸೋತ ಆವೃತ್ತಿಯನ್ನು ಆ್ಯಪ್ ಬಿಡಿಸುವವರೆಗೂ ಇಟ್ಟುಕೊಳ್ಳುತ್ತದೆ. ಪರದೆಯಲ್ಲಿ ಮೂಲ, ನಿಮ್ಮದು, ಅವರದು ಎಂಬ ಮೂರನ್ನೂ ಬರೆದವರ ಹೆಸರಿನೊಂದಿಗೆ ತೋರಿಸಬೇಕು. ಸಿಂಕ್ ನಡೆಯುವಾಗಲೇ ಈ ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸಿದರೆ, ಕೈಯಲ್ಲಿ ಸ್ಪ್ಯಾನರ್ ಹಿಡಿದವರು ಓದದೆಯೇ ಯಾವುದಾದರೂ ಒಂದು ಗುಂಡಿ ಒತ್ತುತ್ತಾರೆ. ದಾಖಲೆಯ ಮೇಲೊಂದು ಗುರುತು ಇಟ್ಟು, ಬಿಡುವಾದಾಗ ನೋಡಲು ಬಿಡುವುದು ಒಳ್ಳೆಯದು.

### ಅಳಿಸಿದ ದಾಖಲೆ ಮತ್ತೆ ಪ್ರತ್ಯಕ್ಷವಾಗುವುದೇಕೆ?

ಸರ್ವರ್ ಸಾಲನ್ನು ನಿಜವಾಗಿ ಅಳಿಸಿದರೆ, ‘ಇದು ಅಳಿದಿದೆ’ ಎಂದು ಫೋನಿಗೆ ಹೇಳಲು ಅದರ ಬಳಿ ಏನೂ ಉಳಿಯುವುದಿಲ್ಲ. ಅಳಿಸಿದ್ದನ್ನು ಟೂಂಬ್‌ಸ್ಟೋನ್ ಎಂಬ ಗುರುತಿನ ಸಾಲಾಗಿ, ಉಳಿದ ಬದಲಾವಣೆಗಳಂತೆಯೇ ಕ್ರಮಸಂಖ್ಯೆ ಕೊಟ್ಟು ಇಡಬೇಕು. ಅವನ್ನು ಎಂದೆಂದಿಗೂ ಇಡಲಾಗದು. 90 ದಿನ ಇಡುವುದೆಂದು ನಿರ್ಧರಿಸಿದರೆ, 90 ದಿನಗಳಿಗಿಂತ ಹಳೆಯ ಕರ್ಸರ್ ಹಿಡಿದು ಬಂದ ಫೋನಿಗೆ ಸರ್ವರ್ ‘ಎಲ್ಲವನ್ನೂ ಹೊಸದಾಗಿ ತರಿಸಿಕೊ’ ಎಂದು ಹೇಳಬೇಕು. ಆಗ ಫೋನ್ ದಾಖಲೆಗಳನ್ನು ಖಾಲಿ ಮಾಡಬಹುದು, ಔಟ್‌ಬಾಕ್ಸನ್ನು ಮಾತ್ರ ಮುಟ್ಟಬಾರದು. ಒಬ್ಬರು ಅಳಿಸಿದ್ದನ್ನು ಇನ್ನೊಬ್ಬರು ತಿದ್ದಿದ್ದರೆ ದಾಖಲೆಯನ್ನು ಮರಳಿ ತಂದು ಗುರುತು ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ: ಬೇಡದ ಸಾಲನ್ನು ಮತ್ತೆ ಅಳಿಸಬಹುದು, ಕಳೆದ ಬರಹವನ್ನು ಮತ್ತೆ ತರಲಾಗದು.

### ಕಳುಹಿಸಲು ಬಾಕಿ ಇರುವಾಗಲೇ ಸರ್ವರ್‌ನಿಂದ ಹೊಸ ಆವೃತ್ತಿ ಬಂದರೆ ಪರದೆಯಲ್ಲಿ ಏನು ತೋರಿಸಬೇಕು?

ಸರ್ವರ್ ಹೇಳಿದ ಸ್ಥಿತಿಯನ್ನು ಬೇರೊಂದು ಟೇಬಲ್‌ನಲ್ಲಿ ಶುದ್ಧವಾಗಿ ಇಟ್ಟು, ಔಟ್‌ಬಾಕ್ಸ್‌ನಲ್ಲಿ ಬಾಕಿ ಇರುವುದನ್ನು ಅದರ ಮೇಲೆ ಕ್ರಮವಾಗಿ ಹಾಯಿಸಿ ಬಂದದ್ದನ್ನು ತೋರಿಸಬೇಕು. ಇಲ್ಲದಿದ್ದರೆ ತಂತ್ರಜ್ಞೆ ಈಗಷ್ಟೇ ‘ಮುಗಿದಿದೆ’ ಎಂದು ಮಾಡಿದ್ದು ಕಣ್ಣೆದುರೇ ‘ಬಾಕಿ’ ಎಂದಾಗಿ, ಕೆಲವು ಸೆಕೆಂಡುಗಳ ನಂತರ ಮತ್ತೆ ‘ಮುಗಿದಿದೆ’ ಆಗುತ್ತದೆ. ಪರದೆ ಹೀಗೆ ಮಿಣುಕುವುದನ್ನು ಕಂಡರೆ ಕಾರಣ ಇದೇ ಎಂದು ತಿಳಿಯಬಹುದು.

ಸರ್ವರ್ ಒಂದು ಬದಲಾವಣೆಯನ್ನು ಶಾಶ್ವತವಾಗಿ ತಿರಸ್ಕರಿಸಿದರೆ, ಉದಾಹರಣೆಗೆ ಬಳಕೆದಾರರಿಗೆ ಆ ಯಂತ್ರದ ಮೇಲಿನ ಅನುಮತಿ ಹೋಗಿದ್ದರೆ, ಅದನ್ನು ಸರದಿಯಿಂದ ತೆಗೆದು ಬೇರೆಡೆ ಇಟ್ಟು ಬಳಕೆದಾರರಿಗೆ ತೋರಿಸಬೇಕು. ಸರದಿಯ ತಲೆಯಲ್ಲೇ ಬಿಟ್ಟರೆ ಹಿಂದಿರುವುದೆಲ್ಲ ನಿಂತುಹೋಗುತ್ತದೆ. ಆದರೆ ಸರ್ವರ್‌ನಿಂದ 401 ಎಂಬ ಎಚ್‌ಟಿಟಿಪಿ ಉತ್ತರ ಬಂದರೆ ಅದು ಲಾಗಿನ್ ಅವಧಿ ಮುಗಿದ ಸೂಚನೆ ಮಾತ್ರ, ಬದಲಾವಣೆಯ ದೋಷವಲ್ಲ. ಅದನ್ನು ತಿರಸ್ಕಾರವೆಂದು ತಿಳಿದು ಔಟ್‌ಬಾಕ್ಸ್ ಖಾಲಿ ಮಾಡಿದ ಆ್ಯಪ್‌ನಲ್ಲಿ ಒಂದಿಡೀ ದಿನದ ಕೆಲಸ ಹೋದದ್ದನ್ನು ನಾನು ಕಂಡಿದ್ದೇನೆ.

### ಸಿಂಕ್ ಯಾವಾಗ ನಡೆಸಬೇಕು?

ಬದಲಾವಣೆಯಾದೊಡನೆ, ಆ್ಯಪ್ ತೆರೆದೊಡನೆ, ಮತ್ತು ಸಾಧ್ಯವಾದರೆ ಹಿನ್ನೆಲೆಯಲ್ಲಿ. ಹಿನ್ನೆಲೆಯನ್ನು ಹೆಚ್ಚು ನೆಚ್ಚಬಾರದು: ಆಂಡ್ರಾಯ್ಡ್‌ನ `WorkManager` ನಿಯತ ಕೆಲಸಗಳಿಗೆ 15 ನಿಮಿಷಕ್ಕಿಂತ ಕಡಿಮೆ ಅಂತರವನ್ನು ಒಪ್ಪುವುದಿಲ್ಲ, ಐಫೋನಿನಲ್ಲಿ ಹೊತ್ತನ್ನು ಆಪರೇಟಿಂಗ್ ಸಿಸ್ಟಮ್ಮೇ ನಿರ್ಧರಿಸುತ್ತದೆ. ಬ್ರೌಸರ್‌ನ `navigator.onLine` ನಿಜ ಎಂದರೆ ಯಾವುದೋ ನೆಟ್‌ವರ್ಕ್‌ಗೆ ಸೇರಿದೆ ಎಂದಷ್ಟೇ ಅರ್ಥ, ನಿಮ್ಮ ಸರ್ವರ್ ಸಿಗುತ್ತದೆ ಎಂದಲ್ಲ. ಕಳುಹಿಸಿ ನೋಡುವುದೇ ಪರೀಕ್ಷೆ. ಸೋತರೆ ಕಾಯುವ ಅವಧಿಯನ್ನು ಪ್ರತಿ ಸಲವೂ ಹೆಚ್ಚಿಸುತ್ತ, ಅದಕ್ಕೆ ಸ್ವಲ್ಪ ಯಾದೃಚ್ಛಿಕತೆ ಬೆರೆಸಿ ಮತ್ತೆ ಪ್ರಯತ್ನಿಸಬೇಕು.

### ಇದನ್ನೆಲ್ಲ ಪರೀಕ್ಷಿಸುವುದು ಹೇಗೆ?

ಎರಡು ಫೋನ್ ಹಿಡಿದು ವಿಮಾನದ ಮೋಡ್ ಹಾಕಿ ತೆಗೆದು ಮಾಡುವ ಪರೀಕ್ಷೆಯಲ್ಲಿ ಮೇಲೆ ಹೇಳಿದ 501, 502ರಂಥ ತಪ್ಪು ಸಿಕ್ಕಿಬೀಳುವುದಿಲ್ಲ. ಒಂದೇ ಪ್ರೋಗ್ರಾಂನೊಳಗೆ ಮೂರು ನಕಲಿ ಫೋನುಗಳನ್ನು ಸೃಷ್ಟಿಸಿ, ಅವು ನಿಜವಾದ ಸರ್ವರ್ ಕೋಡ್ ಮತ್ತು ನಿಜವಾದ ಡೇಟಾಬೇಸ್‌ನೊಂದಿಗೆ ಮಾತಾಡುವಂತೆ ಮಾಡಿ. ಯಾದೃಚ್ಛಿಕವಾಗಿ ತಿದ್ದುವುದು, ಅಳಿಸುವುದು, ಕಳುಹಿಸುವುದು, ಉತ್ತರವನ್ನು ಬೀಳಿಸುವುದು, ಔಟ್‌ಬಾಕ್ಸ್ ಬರೆದ ಮರುಕ್ಷಣ ಫೋನನ್ನು ಮುಚ್ಚುವುದು, ಗಡಿಯಾರವನ್ನು ಒಂದು ಗಂಟೆ ಸರಿಸುವುದು, ಎಲ್ಲವೂ ನಡೆಯಲಿ. ಕೊನೆಯಲ್ಲಿ ಎಲ್ಲರಿಗೂ ನೆಟ್‌ವರ್ಕ್ ಕೊಟ್ಟು, ಬದಲಾವಣೆ ನಿಂತ ಮೇಲೆ ಎರಡೇ ಪ್ರಶ್ನೆ ಕೇಳಬೇಕು. ಎಲ್ಲ ಫೋನುಗಳೂ ಸರ್ವರ್ ಕೂಡ ಒಂದೇ ಸ್ಥಿತಿಯಲ್ಲಿವೆಯೇ? ಹುಟ್ಟಿದ ಪ್ರತಿ `op_id` ಕೂಡ ಸ್ವೀಕೃತ, ಸಂಘರ್ಷ, ತಿರಸ್ಕೃತ ಎಂಬ ಮೂರರಲ್ಲಿ ಒಂದೇ ಒಂದು ಕಡೆ ಲೆಕ್ಕಕ್ಕೆ ಸಿಗುತ್ತದೆಯೇ?

ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಬದಲಾವಣೆಗಳನ್ನೆಲ್ಲ ಸದ್ದಿಲ್ಲದೆ ಎಸೆದುಬಿಡುವ ಸರ್ವರ್ ಮೊದಲನೆಯ ಪ್ರಶ್ನೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಯಾದೃಚ್ಛಿಕ ಸಂಖ್ಯೆಗಳ ಬೀಜವನ್ನು ಪ್ರತಿ ಓಟದಲ್ಲೂ ಮುದ್ರಿಸಿಡಿ. ಸೋತ ಓಟದ ಬೀಜವನ್ನು ಕೊಟ್ಟರೆ ಫೋನುಗಳು ಅದೇ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಇಡುತ್ತವೆ. ಸರ್ವರ್‌ನೊಳಗಿನ ಟ್ರಾನ್ಸಾಕ್ಷನ್‌ಗಳು ಒಂದರೊಳಗೊಂದು ಹೆಣೆದುಕೊಳ್ಳುವ ಕ್ರಮ ಮಾತ್ರ ಬೀಜದ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕಾಗಿ ಕೆಲವು ಟ್ರಾನ್ಸಾಕ್ಷನ್‌ಗಳಲ್ಲಿ ಮಾತ್ರ, ಸಂಖ್ಯೆ ಪಡೆಯುವುದಕ್ಕೂ ಕಮಿಟ್ ಆಗುವುದಕ್ಕೂ ನಡುವೆ ಬೇಕೆಂದೇ ಅರ್ಧ ಸೆಕೆಂಡ್ ತಡೆಯೊಂದನ್ನು ಹಾಕಿ ಓಡಿಸಬೇಕು. ಆ ತಪ್ಪು ಕೋಡ್‌ನಲ್ಲಿದ್ದರೆ ಆಗ ಮೊದಲ ಕೆಲವು ಓಟಗಳಲ್ಲೇ 501 ಕಾಣೆಯಾಗುತ್ತದೆ.